ಏರಿನ ಈಚೆ ಬದಿಯಲ್ಲಿ ವೆಬ್ ಟೆಲಿಸ್ಕೋಪ್

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಜೇಮ್ಸ್ ವೆಬ್ ಟೆಲಿಸ್ಕೋಪ್ ಎಲ್2 ಎಂಬ ಲಗ್ರಾಂಜ್ ಬಿಂದುವಿನಲ್ಲಿದೆ, ಅಲ್ಲಿ ಸೂರ್ಯನ ಮತ್ತು ಭೂಮಿಯ ಗುರುತ್ವ ಸರಿದೂಗಿ ಸೊನ್ನೆ ಆಗುತ್ತದೆ ಎಂದು ಕ್ಲಾಸಿನಲ್ಲಿ ಹೇಳಿದೆ. ಒಬ್ಬ ಹುಡುಗ ಬೋರ್ಡಿಗೆ ಬಂದು ಚಿತ್ರ ಬರೆದ. "ಎಲ್2 ಭೂಮಿಯಿಂದ ಆಚೆ ಇದ್ದರೆ ಎರಡೂ ಬಾಣ ಒಂದೇ ಕಡೆ ಬರುತ್ತವೆ ಅಲ್ವಾ ಮೇಡಂ, ಸೊನ್ನೆ ಹೇಗೆ?" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ನನಗೂ ಅನುಮಾನ ಶುರುವಾಯಿತು. ಭೂಮಿಯ ನೆರಳಿನಲ್ಲಿದ್ದರೆ ಸೋಲಾರ್ ಫಲಕಕ್ಕೆ ಬಿಸಿಲು ಎಲ್ಲಿಂದ? ತಾನಾಗಿ ನಿಲ್ಲುವ ಜಾಗವಾದರೆ ಇಂಧನ ಯಾಕೆ ಬೇಕು? ಇಂಧನ ಮುಗಿದರೆ ಅದು ನಮ್ಮ ಮೇಲೆ ಬೀಳುತ್ತದಾ?

ಉತ್ತರ:

ನಿಮ್ಮ ವಿದ್ಯಾರ್ಥಿ ಬರೆದ ಚಿತ್ರ ಸರಿಯಾಗಿದೆ ಮೇಡಂ. ಎರಡೂ ಬಾಣ ಒಂದೇ ದಿಕ್ಕಿಗೆ ಇರುತ್ತವೆ. ಅಲ್ಲಿ ಗುರುತ್ವ ಸೊನ್ನೆ ಆಗುವುದಿಲ್ಲ, ಎರಡೂ ಕೂಡಿಕೊಂಡು ಜಾಸ್ತಿಯೇ ಆಗುತ್ತದೆ. ಆ ಜಾಸ್ತಿ ಸೆಳೆತಕ್ಕಾಗಿಯೇ ಟೆಲಿಸ್ಕೋಪನ್ನು ಅಲ್ಲಿಗೆ ಕಳಿಸಿದ್ದು. ನಾನು ಉಪಗ್ರಹಗಳ ಕಕ್ಷೆ ಲೆಕ್ಕ ಹಾಕುವ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಲೆಕ್ಕವನ್ನು ಬಿಡಿಸಿ ಇಡುತ್ತೇನೆ. ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು, ಆ ಹುಡುಗನ ಕೈಯಲ್ಲೇ ಬೋರ್ಡಿನ ಮೇಲೆ ಮಾಡಿಸಬಹುದು.

ಭೂಮಿ ಸೂರ್ಯನಿಂದ ಸುಮಾರು 15 ಕೋಟಿ ಕಿ.ಮೀ. ದೂರದಲ್ಲಿದೆ. ಎಲ್2 ಇನ್ನೂ 15 ಲಕ್ಷ ಕಿ.ಮೀ. ಆಚೆಗಿದೆ, ಅಂದರೆ ನೂರಕ್ಕೆ ಒಂದು ಪಾಲು ಜಾಸ್ತಿ ದೂರ. ಸೂರ್ಯನಿಂದ ದೂರ ಹೋದಷ್ಟೂ ಸುತ್ತು ನಿಧಾನವಾಗುತ್ತದೆ. ಭೂಮಿ ಇಲ್ಲದಿದ್ದರೆ, ಅಷ್ಟು ದೂರದಲ್ಲಿರುವ ವಸ್ತುವಿಗೆ ಒಂದು ಸುತ್ತು ಮುಗಿಸಲು 365 ದಿನ ಸಾಲುವುದಿಲ್ಲ, ಸುಮಾರು 371 ದಿನ ಬೇಕು. ಪ್ರತಿ ವರ್ಷ ಐದಾರು ದಿನದ ದಾರಿಯಷ್ಟು ಹಿಂದೆ ಬೀಳುತ್ತಾ ಹೋಗುತ್ತದೆ. ಭೂಮಿಯ ಜೊತೆಜೊತೆಗೇ ಬರಬೇಕೆಂದರೆ ಅದು ಸ್ವಲ್ಪ ಜೋರಾಗಿ ತಿರುಗಬೇಕು. ಜೋರಾಗಿ ತಿರುಗಬೇಕೆಂದರೆ ಒಳಗಡೆಗೆ ಎಳೆಯುವ ಬಲ ಜಾಸ್ತಿ ಬೇಕು. ಕವಣೆ ಬೀಸುವಾಗ ವೇಗ ಹೆಚ್ಚಿಸಿದರೆ ಕೈಯಲ್ಲಿ ಹಗ್ಗ ಬಿಗಿಯಾಗುತ್ತದಲ್ಲ, ಹಾಗೆ.

ಎಷ್ಟು ಜಾಸ್ತಿ ಬೇಕು? ಭೂಮಿ ಇರುವ ಜಾಗದಲ್ಲಿ ಸೂರ್ಯನ ಸೆಳೆತ ಪ್ರತಿ ಸೆಕೆಂಡಿಗೆ 5.93 ಮಿಲಿಮೀಟರ್‌ನಷ್ಟು ವೇಗವನ್ನು ಬದಲಿಸುತ್ತದೆ. ಎಲ್2 ಹತ್ತಿರ ಅದು ಕಡಿಮೆಯಾಗಿ 5.81 ಆಗುತ್ತದೆ. ಆದರೆ ಆ ದೂರದಲ್ಲಿ 365 ದಿನಕ್ಕೆ ಒಂದು ಸುತ್ತು ಮುಗಿಸಲು ಬೇಕಾದದ್ದು 5.99. ಕೊರತೆ 0.18. ಈಗ 15 ಲಕ್ಷ ಕಿ.ಮೀ. ದೂರದಿಂದ ಭೂಮಿ ಎಷ್ಟು ಎಳೆಯುತ್ತದೆ ಎಂದು ಲೆಕ್ಕ ಹಾಕಿ. ಸರಿಯಾಗಿ 0.18. ಸೂರ್ಯನ ಬಾಣಕ್ಕೆ ಭೂಮಿಯ ಪುಟ್ಟ ಬಾಣ ಸೇರಿದಾಗ ಕೊರತೆ ತುಂಬುತ್ತದೆ. ಕೊರತೆ ತುಂಬುವ ಆ ಒಂದು ದೂರಕ್ಕೇ ಎಲ್2 ಎಂದು ಹೆಸರು. ಇನ್ನೂ ದೂರ ಹೋದರೆ ಭೂಮಿಯ ಸಹಾಯ ಸಾಲದು, ಹತ್ತಿರ ಬಂದರೆ ಅತಿಯಾಗುತ್ತದೆ.

15 ಲಕ್ಷ ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರೆ ಅದಕ್ಕೂ ಒಂದು ಸುಲಭದ ದಾರಿ ಇದೆ. ಸೂರ್ಯ ಭೂಮಿಗಿಂತ ಸುಮಾರು 3,33,000 ಪಟ್ಟು ಭಾರ. ಅದನ್ನು ಮೂರರಿಂದ ಗುಣಿಸಿದರೆ ಹೆಚ್ಚುಕಡಿಮೆ 10 ಲಕ್ಷ. 10 ಲಕ್ಷದ ಘನಮೂಲ 100. ಹಾಗಾಗಿ ಎಲ್2 ಇರುವುದು ಸೂರ್ಯನಿಂದ ಭೂಮಿಗಿರುವ ದೂರದ ನೂರನೇ ಒಂದು ಭಾಗದಲ್ಲಿ. ನನ್ನ ಕೆಲಸದ ಮೊದಲ ವಾರದಲ್ಲಿ ಹಿರಿಯರೊಬ್ಬರು ಒಂದು ಚೀಟಿಯ ಹಿಂಬದಿಯಲ್ಲಿ ಇದನ್ನು ಬರೆದು ತೋರಿಸಿದ್ದರು. ಸಂಖ್ಯೆಗಳು ಇಷ್ಟು ಚೆಂದವಾಗಿ ಕೂಡಿ ಬರುವುದನ್ನು ನೋಡಿ ಆವತ್ತು ಆದ ಖುಷಿ ಇನ್ನೂ ನೆನಪಿದೆ.

"ಸೊನ್ನೆ" ಎಂಬ ಮಾತು ಹುಟ್ಟಿದ್ದು ಬಹುಶಃ ಎಲ್1ರ ಚಿತ್ರ ನೋಡಿ. ಅದು ಸೂರ್ಯ ಮತ್ತು ಭೂಮಿಯ ನಡುವೆ ಇದೆ, ಅಲ್ಲಿ ಬಾಣಗಳು ಎದುರುಬದುರು. ಆದರೆ ಅಲ್ಲೂ ಅವು ಸಮ ಅಲ್ಲ. ಸೂರ್ಯನ ಸೆಳೆತ ಮತ್ತು ಭೂಮಿಯ ಸೆಳೆತ ನಿಜವಾಗಿ ಸಮವಾಗುವುದು ಭೂಮಿಯಿಂದ ಬರೀ 2.6 ಲಕ್ಷ ಕಿ.ಮೀ. ದೂರದಲ್ಲಿ, ಅಂದರೆ ಚಂದ್ರನಿಗಿಂತ ಈಚೆಗೆ. ಎಲ್1 ಅದಕ್ಕಿಂತ ಸುಮಾರು ಆರು ಪಟ್ಟು ದೂರದಲ್ಲಿದೆ. ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಿಂದ ಸುತ್ತುತ್ತಿರುವುದು ಅಲ್ಲೇ. ಸೂರ್ಯನ ಒಳಗೆಳೆತವನ್ನು ಭೂಮಿ ಸ್ವಲ್ಪ ಕಡಿಮೆ ಮಾಡುವುದರಿಂದ, ಭೂಮಿಗಿಂತ ಬೇಗ ಸುತ್ತಬೇಕಾಗಿದ್ದ ನೌಕೆ ಭೂಮಿಯ ಲಯಕ್ಕೇ ಸುತ್ತುತ್ತದೆ. ಎಲ್2ರದ್ದು ಇದರ ತಿರುಗುಮುರುಗು ಲೆಕ್ಕ.

ಇಂಥ ಬಿಂದುಗಳು ಒಟ್ಟು ಐದು. ಸೂರ್ಯ ಮತ್ತು ಭೂಮಿಯನ್ನು ಸೇರಿಸುವ ಗೆರೆಯ ಮೇಲಿನ ಮೂರನ್ನು ಮೊದಲು ಲೆಕ್ಕದಲ್ಲಿ ಕಂಡವರು ಆಯ್ಲರ್. 1772ರಲ್ಲಿ ಲಗ್ರಾಂಜ್ ಇನ್ನೆರಡನ್ನು ಸೇರಿಸಿದರು. ಎಲ್4 ಮತ್ತು ಎಲ್5 ಎಂಬ ಅವೆರಡೂ ಭೂಮಿಯ ಕಕ್ಷೆಯ ಮೇಲೇ ಇವೆ, ಒಂದು ಭೂಮಿಗಿಂತ ಮುಂದೆ, ಒಂದು ಹಿಂದೆ.

ಹಾಗಾದರೆ ಐದರಲ್ಲಿ ಎಲ್2 ಯಾಕೆ? ಇದಕ್ಕೆ ಉತ್ತರ ಗುರುತ್ವದಲ್ಲಿ ಇಲ್ಲ, ಶಾಖದಲ್ಲಿ ಇದೆ. ವೆಬ್ ನೋಡುವುದು ಇನ್‌ಫ್ರಾರೆಡ್ ಬೆಳಕನ್ನು. ಬೆಚ್ಚಗಿರುವ ಎಲ್ಲ ವಸ್ತುವೂ ಆ ಬೆಳಕನ್ನು ಸೂಸುತ್ತದೆ, ಟೆಲಿಸ್ಕೋಪಿನ ಸ್ವಂತ ಕನ್ನಡಿಯೂ. ಕನ್ನಡಿಯೇ ಬೆಚ್ಚಗಿದ್ದರೆ ದೂರದ ಮಂಕು ಗೆಲಾಕ್ಸಿ ಕಾಣುವುದಿಲ್ಲ. ಹಗಲಲ್ಲಿ ನಕ್ಷತ್ರ ಹುಡುಕಿದ ಹಾಗೆ ಆಗುತ್ತದೆ. ಆದ್ದರಿಂದ ಇಡೀ ಟೆಲಿಸ್ಕೋಪನ್ನು ತಣ್ಣಗಿಡಬೇಕು. ಅದಕ್ಕೆ ಟೆನಿಸ್ ಅಂಗಳದಷ್ಟು ದೊಡ್ಡದಾದ, ಐದು ಪದರದ ಬಿಸಿಲುಪರದೆ ಕಟ್ಟಿದ್ದಾರೆ. ಪರದೆಯ ಬಿಸಿಲು ಬೀಳುವ ಬದಿ 85 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಕನ್ನಡಿ ಇರುವ ಇನ್ನೊಂದು ಬದಿ ಮೈನಸ್ 233ರ ಆಸುಪಾಸಿನಲ್ಲಿ ಇರುತ್ತದೆ. ನಡುವೆ ಇರುವುದು ಕೂದಲಿನಷ್ಟು ತೆಳುವಾದ ಹಾಳೆಗಳು ಮತ್ತು ಅವುಗಳ ನಡುವಿನ ಖಾಲಿ ಜಾಗ, ಅಷ್ಟೇ.

ಪರದೆ ಇರುವುದು ಒಂದೇ ಬದಿಗೆ. ಅದು ಕೆಲಸ ಮಾಡಬೇಕೆಂದರೆ ಶಾಖ ಕೊಡುವವೆಲ್ಲ ಒಂದೇ ಕಡೆ ಇರಬೇಕು. ಹಬಲ್ ಟೆಲಿಸ್ಕೋಪಿನಂತೆ ಐನೂರು ಕಿ.ಮೀ. ಎತ್ತರದಲ್ಲಿ ಸುತ್ತಿದರೆ ಇದು ಸಾಧ್ಯವಿಲ್ಲ. ಅಲ್ಲಿ ಅರ್ಧ ಆಕಾಶ ಭೂಮಿಯೇ, ಆ ಭೂಮಿ ಬೆಚ್ಚಗಿದೆ. ಒಂದೂವರೆ ಗಂಟೆಗೊಮ್ಮೆ ಹಗಲು, ರಾತ್ರಿ. ಸೂರ್ಯನಿಗೆ ಪರದೆ ಹಿಡಿದರೆ ಭೂಮಿ ಇನ್ನೊಂದು ಬದಿಯಿಂದ ಕಾಯಿಸುತ್ತದೆ. ಎಲ್2 ಕಡೆಯಿಂದ ನೋಡಿದರೆ ಸೂರ್ಯ, ಭೂಮಿ, ಚಂದ್ರ ಮೂರೂ ಸದಾ ಒಂದೇ ಬದಿಯಲ್ಲಿ ಇರುತ್ತವೆ. ಒಂದು ಕೊಡೆ ಸಾಕು.

ಬೇರೆ ದಾರಿ ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಅದನ್ನು ಮಾಡಿಯೂ ನೋಡಿದ್ದಾರೆ. 2003ರಲ್ಲಿ ಹಾರಿದ ಸ್ಪಿಟ್ಜರ್ ಎಂಬ ಇನ್‌ಫ್ರಾರೆಡ್ ಟೆಲಿಸ್ಕೋಪನ್ನು ಭೂಮಿಯ ಹಿಂದೆ ಸೂರ್ಯನ ಸುತ್ತ ಸುಮ್ನೆ ಬಿಟ್ಟರು. ಜಾಗ ಕಾಯ್ದುಕೊಳ್ಳುವ ತಾಪತ್ರಯವೇ ಇಲ್ಲ, ಅದಕ್ಕೆ ಇಂಧನವೂ ಬೇಡ. ಆದರೆ ನಾನು ಮೇಲೆ ಹೇಳಿದ "ಪ್ರತಿ ವರ್ಷ ಹಿಂದೆ ಬೀಳುವುದು" ಇದೆಯಲ್ಲ, ಅದು ಸ್ಪಿಟ್ಜರ್‌ಗೆ ಆಯಿತು. 2020ರ ಜನವರಿಯಲ್ಲಿ ಅದನ್ನು ನಿಲ್ಲಿಸುವ ಹೊತ್ತಿಗೆ ಅದು 25 ಕೋಟಿ ಕಿ.ಮೀ.ಗೂ ಜಾಸ್ತಿ ದೂರ ಹೋಗಿತ್ತು. ಕೊನೆಯ ವರ್ಷಗಳಲ್ಲಿ ಭೂಮಿಯ ಕಡೆ ಆಂಟೆನಾ ತಿರುಗಿಸಿದರೆ ಸೋಲಾರ್ ಫಲಕ ಬಿಸಿಲಿನಿಂದ ಓರೆಯಾಗುತ್ತಿತ್ತು. ಮಾತಾಡುವಷ್ಟು ಹೊತ್ತು ಬ್ಯಾಟರಿಯ ಮೇಲೇ ನಡೆಯಬೇಕಿತ್ತು.

ಎಲ್4, ಎಲ್5 ಇನ್ನೊಂದು ಆಯ್ಕೆ. ಅಲ್ಲಿಟ್ಟ ವಸ್ತು ಸಾವಿರಾರು ವರ್ಷ ಅಲ್ಲೇ ಸುತ್ತಾಡಿಕೊಂಡಿರಬಲ್ಲದು. ಭೂಮಿಯ ಎಲ್4 ಬಳಿ ಎರಡು ಕ್ಷುದ್ರಗ್ರಹಗಳೂ ಸಿಕ್ಕಿವೆ. ತೊಂದರೆ ಏನೆಂದರೆ ಅವು ನಮ್ಮಿಂದ 15 ಕೋಟಿ ಕಿ.ಮೀ. ದೂರ, ಎಲ್2ಗಿಂತ ನೂರು ಪಟ್ಟು. ದೂರ ನೂರು ಪಟ್ಟಾದರೆ ರೇಡಿಯೋ ಸಂಕೇತ ಹತ್ತು ಸಾವಿರ ಪಟ್ಟು ಸೊರಗುತ್ತದೆ. ವೆಬ್ ದಿನಾ ಕಳಿಸುವಷ್ಟು ಮಾಹಿತಿಯನ್ನು ಅಲ್ಲಿಂದ ತರಿಸಲು ಆಗುವುದಿಲ್ಲ. ಎಲ್3 ಅಂತೂ ಸೂರ್ಯನ ಹಿಂದೆ ಅಡಗಿದೆ, ಅದರ ಜೊತೆ ಮಾತೇ ಇಲ್ಲ.

ಈಗ ನೆರಳಿನ ವಿಚಾರ. ನಿಮ್ಮ ಅನುಮಾನ ಬಹಳ ಸರಿಯಾದದ್ದು. ಭೂಮಿಯ ಗಾಢ ನೆರಳು ಒಂದು ಶಂಕುವಿನ ಹಾಗೆ ಕಿರಿದಾಗುತ್ತಾ ಹೋಗಿ ಸುಮಾರು 14 ಲಕ್ಷ ಕಿ.ಮೀ. ದೂರದಲ್ಲಿ ಮೊನೆಯಾಗಿ ಮುಗಿಯುತ್ತದೆ. ಎಲ್2 ಅದಕ್ಕಿಂತ ಸ್ವಲ್ಪವೇ ಆಚೆಗಿದೆ. ಅಲ್ಲಿ ನಿಂತು ನೋಡಿದರೆ ಭೂಮಿಯ ಕಪ್ಪು ತಟ್ಟೆ ಸೂರ್ಯನ ತಟ್ಟೆಯಲ್ಲಿ ನೂರಕ್ಕೆ ಸುಮಾರು 85 ಪಾಲು ಮುಚ್ಚುತ್ತದೆ. ಸುತ್ತ ಒಂದು ಉಂಗುರ ಮಾತ್ರ ಹೊಳೆಯುತ್ತದೆ, ಕಂಕಣ ಗ್ರಹಣದ ಹಾಗೆ. ತಣ್ಣಗಿರಲು ಒಳ್ಳೆಯ ಜಾಗ ಅನ್ನಿಸಬಹುದು. ಆದರೆ ಸೋಲಾರ್ ಫಲಕಕ್ಕೆ ಏಳರಲ್ಲಿ ಒಂದು ಪಾಲು ಬಿಸಿಲು ಸಿಕ್ಕರೆ ನೌಕೆ ನಡೆಯುವುದಿಲ್ಲ. ಆದ್ದರಿಂದ ವೆಬ್ ಎಲ್2 ಬಿಂದುವಿನಲ್ಲಿ ಇಲ್ಲ. ಒಂದು ದಿನವೂ ಇರಲಿಲ್ಲ, ಮುಂದೆಯೂ ಇರುವುದಿಲ್ಲ. ಅದು ಆ ಬಿಂದುವಿನ ಸುತ್ತ, ನೆರಳಿನಿಂದ ಬಹಳ ಹೊರಗೆ, ದೊಡ್ಡದೊಂದು ಸುತ್ತು ಹಾಕುತ್ತಿದೆ. ಬಿಂದುವಿನಿಂದ ಅದರ ದೂರ ಎರಡೂವರೆ ಲಕ್ಷದಿಂದ ಎಂಟು ಲಕ್ಷ ಕಿ.ಮೀ.ವರೆಗೆ ಬದಲಾಗುತ್ತಾ ಇರುತ್ತದೆ. ಒಂದು ಸುತ್ತಿಗೆ ಸುಮಾರು ಆರು ತಿಂಗಳು. ಭೂಮಿಯಿಂದ ನೋಡಿದರೆ ಸೂರ್ಯನ ಎದುರುದಿಕ್ಕಿನ ಸುತ್ತ ಒಂದು ಬಳೆ ಬರೆದ ಹಾಗೆ ಕಾಣುವುದರಿಂದ ಇದಕ್ಕೆ ಹೇಲೋ ಕಕ್ಷೆ ಎನ್ನುತ್ತಾರೆ. ರಾಬರ್ಟ್ ಫಾರ್ಕ್ವಾರ್ ಎಂಬ ಎಂಜಿನಿಯರ್ 1960ರ ದಶಕದಲ್ಲಿ ಇಟ್ಟ ಹೆಸರು ಅದು.

ಏನೂ ಇಲ್ಲದ ಬಿಂದುವಿನ ಸುತ್ತ ಒಂದು ವಸ್ತು ಹೇಗೆ ಸುತ್ತುತ್ತದೆ? ಇದಕ್ಕೆ ನಾನು ಘಾಟಿ ರಸ್ತೆಯ ಉದಾಹರಣೆ ಕೊಡುತ್ತೇನೆ. ಎರಡು ಗುಡ್ಡಗಳ ನಡುವೆ ರಸ್ತೆ ಏರಿ ಆಚೆ ಇಳಿಯುವ ಜಾಗವನ್ನು ನೆನೆಸಿಕೊಳ್ಳಿ. ರಸ್ತೆಯ ಉದ್ದಕ್ಕೆ ನೋಡಿದರೆ ಅದು ಎಲ್ಲಕ್ಕಿಂತ ಎತ್ತರದ ಜಾಗ. ಅಡ್ಡಕ್ಕೆ ನೋಡಿದರೆ ಎಡಬಲದಲ್ಲಿ ಗುಡ್ಡ, ನಡುವೆ ತಗ್ಗು. ಒಂದು ಚೆಂಡನ್ನು ಅಲ್ಲಿ ಇಟ್ಟರೆ ಎಡಬಲಕ್ಕೆ ಹೋದಾಗ ತಗ್ಗಿಗೆ ವಾಪಸ್ ಬರುತ್ತದೆ. ಮುಂದಕ್ಕೋ ಹಿಂದಕ್ಕೋ ಸರಿದರೆ ಉರುಳಿಯೇ ಹೋಗುತ್ತದೆ. ಎಲ್2 ಹೀಗೇ ಇದೆ. ಸೂರ್ಯ, ಭೂಮಿಯ ಗೆರೆಯ ಉದ್ದಕ್ಕೆ ಅದು ಏರಿನ ನೆತ್ತಿ. ಒಂದು ಕಡೆ ಇಳಿದರೆ ಭೂಮಿಯ ಕಡೆ ಜಾರುತ್ತೀರಿ, ಇನ್ನೊಂದು ಕಡೆ ಇಳಿದರೆ ಹೊರಗಿನ ಬಾಹ್ಯಾಕಾಶಕ್ಕೆ. ಗೆರೆಯಿಂದ ಮೇಲೆಕೆಳಗೆ ಅಥವಾ ಅಕ್ಕಪಕ್ಕಕ್ಕೆ ಹೋದರೆ ಮಾತ್ರ ಸೂರ್ಯ, ಭೂಮಿ ಎರಡೂ ಸೇರಿ ಗೆರೆಯ ಕಡೆಗೆ ವಾಪಸ್ ಎಳೆಯುತ್ತವೆ. ವೆಬ್‌ನ ಸುತ್ತಾಟ ನಡೆಯುವುದು ಈ ಅಡ್ಡ ದಿಕ್ಕಿನ ತೂಗಾಟದಿಂದ. ಇಂಧನ ಖರ್ಚಾಗುವುದು ಉದ್ದ ದಿಕ್ಕಿನ ಜಾರುವಿಕೆಯಿಂದ.

ಜಾರುವಿಕೆ ಎಷ್ಟು ಬೇಗ? ಇಲ್ಲಿ ಒಂದು ಸಂಖ್ಯೆ ನೆನಪಿಟ್ಟರೆ ಸಾಕು: 23 ದಿನ. ಪ್ರತಿ 23 ದಿನಕ್ಕೆ ತಪ್ಪು ಸುಮಾರು 2.7 ಪಟ್ಟು ಬೆಳೆಯುತ್ತದೆ. ಇವತ್ತು 1 ಕಿ.ಮೀ. ತಪ್ಪಿದ್ದರೆ 23 ದಿನಕ್ಕೆ 2.7, ಮೂರು ತಿಂಗಳಿಗೆ ಐವತ್ತಕ್ಕೂ ಜಾಸ್ತಿ, ಆರು ತಿಂಗಳಿಗೆ 2,700 ಕಿ.ಮೀ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಕಂಪ್ಯೂಟರಿನಲ್ಲಿ ಒಂದು ಕಾಲ್ಪನಿಕ ಕಣವನ್ನು ಎಲ್2ನಲ್ಲಿ ಇಟ್ಟೆ. ಬಿಂದುವಿನ ಸ್ಥಾನವನ್ನು ಕಂಪ್ಯೂಟರ್ ಹಿಡಿಯುವ ಕೊನೆಯ ಅಂಕೆಯವರೆಗೂ ಸರಿಯಾಗಿ ಕೊಟ್ಟಿದ್ದೆ. ಒಂದು ವರ್ಷ ಕಣ ಕದಲಲಿಲ್ಲ. ಎರಡನೇ ವರ್ಷದ ಕೊನೆಯ ಹೊತ್ತಿಗೆ ತಾನಾಗಿ ಜಾರಿ ಓಡಿಹೋಯಿತು. ಎಲ್ಲೂ ತಪ್ಪು ಸಿಗಲಿಲ್ಲ. ಕೊನೆಗೆ ಗೊತ್ತಾದದ್ದು ಇಷ್ಟೇ: ಸಂಖ್ಯೆಯ ಹದಿನಾರನೇ ಅಂಕೆಯಲ್ಲಿ ಕಂಪ್ಯೂಟರ್ ಮಾಡುವ ದುಂಡಾಗಿಸುವಿಕೆ, ಅಂದರೆ ಒಂದು ಮಿಲಿಮೀಟರಿಗಿಂತಲೂ ಎಷ್ಟೋ ಚಿಕ್ಕ ತಪ್ಪು, 23 ದಿನದ ಬಡ್ಡಿಯಲ್ಲಿ ಬೆಳೆದು ಲಕ್ಷ ಕಿ.ಮೀ. ಆಗಿತ್ತು. ಎಲ್2 ತಾನಾಗಿ ನಿಲ್ಲುವ ಜಾಗ ಅಲ್ಲ ಎನ್ನುವುದು ನನಗೆ ಆವತ್ತು ಮನಸ್ಸಿಗೆ ಇಳಿಯಿತು.

ಆದರೆ ಇದೇ ಸಂಖ್ಯೆಯನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. 23 ದಿನ ಎಂದರೆ ಬಹಳ ನಿಧಾನ. ಜಾರಲು ಶುರುವಾದದ್ದನ್ನು ಬೇಗ ಗಮನಿಸಿದರೆ ಬೆರಳಿನಲ್ಲಿ ತಟ್ಟಿದಷ್ಟು ಬಲ ಸಾಕು. ತಡ ಮಾಡಿದಷ್ಟೂ ಬಲ ಜಾಸ್ತಿ ಬೇಕು.

ಇಲ್ಲಿಂದ ಮುಂದೆ ವೆಬ್‌ನ ವಿಶೇಷ ಕಷ್ಟ ಬರುತ್ತದೆ. ನನ್ನ ಕ್ಷೇತ್ರದವರಿಗೆ ಎಲ್ಲಕ್ಕಿಂತ ಇಷ್ಟವಾಗುವ ಭಾಗವೂ ಇದೇ. ವೆಬ್‌ನ ಥ್ರಸ್ಟರ್‌ಗಳು, ಅಂದರೆ ನೌಕೆಯನ್ನು ತಳ್ಳುವ ಪುಟ್ಟ ಎಂಜಿನ್‌ಗಳು, ಇರುವುದು ಪರದೆಯ ಬಿಸಿಲು ಬದಿಯಲ್ಲಿ. ಕನ್ನಡಿಯ ಕಡೆ ಇಟ್ಟರೆ ಅವುಗಳ ಶಾಖ ಮತ್ತು ಹೊಗೆ ಕನ್ನಡಿಗೆ ತಗಲುತ್ತದೆ. ಹಾಗಾಗಿ ವೆಬ್ ತನ್ನನ್ನು ತಾನು ಸೂರ್ಯನಿಂದ ದೂರಕ್ಕೆ ತಳ್ಳಿಕೊಳ್ಳಬಲ್ಲದು, ಸೂರ್ಯನ ಕಡೆಗೆ ತಳ್ಳಿಕೊಳ್ಳಲಾರದು. ಇಡೀ ನೌಕೆಯನ್ನು ಹಿಂದೆ ಮುಂದೆ ತಿರುಗಿಸಿ ತಳ್ಳಬಹುದಲ್ಲ ಅಂದರೆ, ತಿರುಗಿಸಿದ ಕೂಡಲೇ ಮೈನಸ್ 233 ಡಿಗ್ರಿಯ ಕನ್ನಡಿಯ ಮೇಲೆ ನೇರ ಬಿಸಿಲು ಬೀಳುತ್ತದೆ. ಉಪಕರಣಗಳು ಕೆಡುತ್ತವೆ. ಅಂದರೆ ಈ ಗಾಡಿಗೆ ಮುಂದಕ್ಕೆ ಹೋಗುವ ಗೇರ್ ಮಾತ್ರ ಇದೆ. ರಿವರ್ಸೂ ಇಲ್ಲ, ಬ್ರೇಕೂ ಇಲ್ಲ.

ಬ್ರೇಕ್ ಇಲ್ಲದ ಗಾಡಿಯನ್ನು ಏರಿನ ನೆತ್ತಿಯ ಹತ್ತಿರ ನಿಲ್ಲಿಸುವುದು ಹೇಗೆ? ಒಂದೇ ದಾರಿ. ಅದು ಯಾವತ್ತೂ ನೆತ್ತಿಯ ಈಚೆ ಬದಿಯಲ್ಲೇ ಇರಬೇಕು. ಈಚೆ ಇದ್ದರೆ ಮೆಲ್ಲಗೆ ಭೂಮಿಯ ಕಡೆ ಜಾರುತ್ತದೆ, ಆಗ ಮೇಲಕ್ಕೆ ತಳ್ಳಬಹುದು. ಜಾಸ್ತಿ ತಳ್ಳಿ ನೆತ್ತಿ ದಾಟಿಬಿಟ್ಟರೆ ಆಚೆ ಇಳಿಜಾರು. ಅಲ್ಲಿಂದ ವಾಪಸ್ ತರುವ ಥ್ರಸ್ಟರ್ ವೆಬ್‌ನಲ್ಲಿ ಇಲ್ಲ.

ಇದರ ಪರಿಣಾಮ ಉಡಾವಣೆಯ ದಿನದಿಂದಲೇ ಶುರು. 2021ರ ಡಿಸೆಂಬರ್ 25ರಂದು ಏರಿಯಾನ್ 5 ರಾಕೆಟ್ ಫ್ರೆಂಚ್ ಗಯಾನಾದ ಕೂರೂವಿನಿಂದ ವೆಬ್ ಅನ್ನು ಹೊತ್ತು ಹೊರಟಿತು. ರಾಕೆಟ್ ಕೊಡಬೇಕಾದ ವೇಗವನ್ನು ಬೇಕೆಂದೇ ಸ್ವಲ್ಪ ಕಡಿಮೆ ಇಟ್ಟಿದ್ದರು. ರಾಕೆಟ್ಟಿನಲ್ಲಿ ಯಾವಾಗಲೂ ಚೂರು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಕಡಿಮೆ ಆದರೆ ವೆಬ್ ತಾನೇ ತುಂಬಿಕೊಳ್ಳುತ್ತದೆ. ಹೆಚ್ಚಾದರೆ ಕಳೆಯುವ ದಾರಿ ಇಲ್ಲ. ಹಾಗಾಗಿ ಕೊರತೆಯ ಕಡೆಗೇ ವಾಲಿಸಿ ಹಾರಿಸಿದರು. ಆ ಕೊರತೆಯನ್ನು ಮೂರು ಸಲ ತುಂಬಿದರು. ಮೊದಲನೆಯದು ಹಾರಿದ ಹನ್ನೆರಡೂವರೆ ಗಂಟೆಯಲ್ಲಿ. ಆ ಅವಸರಕ್ಕೆ ಕಾರಣ ಇದೆ: ತಡವಾದಷ್ಟೂ ಅದೇ ಕೊರತೆ ತುಂಬಲು ಜಾಸ್ತಿ ಇಂಧನ ಬೇಕಾಗುತ್ತದೆ. 65 ನಿಮಿಷ ಥ್ರಸ್ಟರ್ ಉರಿಸಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗ ಸೇರಿಸಿದರು. ಎರಡನೆಯದು ಸುಮಾರು ಒಂಬತ್ತೂವರೆ ನಿಮಿಷ, ಇನ್ನೊಂದು 2.8 ಮೀಟರ್.

ಮೂರನೆಯದು 2022ರ ಜನವರಿ 24ರಂದು, ಎಲ್2ರ ಹತ್ತಿರ. 297 ಸೆಕೆಂಡ್ ಉರಿಸಿದರು, ಸೇರಿದ ವೇಗ ಸೆಕೆಂಡಿಗೆ 1.6 ಮೀಟರ್. ಅದು ನೀವು ಚುರುಕಾಗಿ ನಡೆಯುವ ವೇಗ. ಆರು ಟನ್ನಿನ ಟೆಲಿಸ್ಕೋಪ್ 15 ಲಕ್ಷ ಕಿ.ಮೀ. ಏರು ಹತ್ತಿ, ಹತ್ತುತ್ತಾ ಹತ್ತುತ್ತಾ ನಿಧಾನವಾಗಿ, ನೆತ್ತಿಗೆ ಸ್ವಲ್ಪ ಈಚೆ ಸುಸ್ತಾಗಿತ್ತು. ಆಗ ನಡಿಗೆಯ ವೇಗದ ಒಂದು ತಳ್ಳು ಕೊಟ್ಟರು, ಅದು ತನ್ನ ಹೇಲೋ ಕಕ್ಷೆಗೆ ಹೊರಳಿಕೊಂಡಿತು. ಏರಿಯಾನ್ ಎಷ್ಟು ಕರಾರುವಾಕ್ಕಾಗಿ ಹಾರಿತ್ತೆಂದರೆ ಈ ತಿದ್ದುಪಡಿಗೆಂದು ಇಟ್ಟಿದ್ದ ಇಂಧನದಲ್ಲಿ ಬಹಳಷ್ಟು ಉಳಿಯಿತು. ಹತ್ತು ವರ್ಷ ಎಂದು ಗುರಿ ಇಟ್ಟುಕೊಂಡಿದ್ದ ಆಯಸ್ಸು ಇಪ್ಪತ್ತು ವರ್ಷ ದಾಟಬಹುದು ಎಂದು ನಾಸಾ ಹೇಳಿದ್ದು ಇದೇ ಉಳಿತಾಯದಿಂದ.

ಆಮೇಲಿನ ದಿನಚರಿ ಹೀಗೆ. ಸುಮಾರು 21 ದಿನಕ್ಕೊಮ್ಮೆ ಒಂದು ತಿದ್ದುಪಡಿಯ ಸರದಿ ಬರುತ್ತದೆ. 23 ದಿನಕ್ಕೆ ಇದು ಎಷ್ಟು ಹತ್ತಿರ ನೋಡಿ. ಮೊದಲು ಭೂಮಿಯ ದೊಡ್ಡ ಆಂಟೆನಾಗಳಿಂದ ನೌಕೆ ಎಷ್ಟು ದೂರ ಇದೆ, ಯಾವ ವೇಗದಲ್ಲಿದೆ ಎಂದು ಅಳೆಯುತ್ತಾರೆ. ಸಂಕೇತ ಹೋಗಿ ಬರುವ ಸಮಯದಿಂದ ದೂರ ಸಿಗುತ್ತದೆ. ಸಂಕೇತದ ಕಂಪನಾಂಕ ಎಷ್ಟು ಬದಲಾಗಿದೆ ಎನ್ನುವುದರಿಂದ ವೇಗ ಸಿಗುತ್ತದೆ. ಆದಿತ್ಯನಿಗೆ ಇದೇ ಕೆಲಸವನ್ನು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ಆಂಟೆನಾಗಳು ಮಾಡುತ್ತವೆ. ನಿಮ್ಮ ಶಾಲೆ ಆ ಕಡೆ ಇದ್ದರೆ ಮಕ್ಕಳಿಗೆ ಹೇಳಿ.

ಆಮೇಲೆ ಕಂಪ್ಯೂಟರಿನಲ್ಲಿ ಮುಂದಿನ ತಿಂಗಳುಗಳನ್ನು ಓಡಿಸಿ ನೋಡುತ್ತಾರೆ. ಇಷ್ಟು ತಳ್ಳಿದರೆ ಭೂಮಿಯ ಕಡೆ ಜಾರುತ್ತದೆ. ಸರಿ, ಸ್ವಲ್ಪ ಜಾಸ್ತಿ ತಳ್ಳಿ ನೋಡು. ಈಗ ನೆತ್ತಿ ದಾಟಿತು. ಹಾಗಾದರೆ ನಡುವಿನದ್ದು ನೋಡು. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಎರಡೂ ಕಡೆ ಬೀಳದ ಒಂದು ವೇಗ ಸಿಗುತ್ತದೆ. ನಿಜವಾಗಿ ತಳ್ಳುವಾಗ ಆ ಅಂಚಿಗೆ ಚೂರು ಈಚೆಗೇ ನಿಲ್ಲಿಸುತ್ತಾರೆ. ಇಡೀ ವರ್ಷದ ತಿದ್ದುಪಡಿ ಎಲ್ಲ ಸೇರಿ ಸೆಕೆಂಡಿಗೆ ಎರಡರಿಂದ ನಾಲ್ಕು ಮೀಟರ್. ವರ್ಷಕ್ಕೆ ಹದಿನೇಳು ಸರದಿ ಎಂದರೆ ಒಂದು ಸಲಕ್ಕೆ ಸೆಕೆಂಡಿಗೆ ಹತ್ತಿಪ್ಪತ್ತು ಸೆಂಟಿಮೀಟರ್. ಮಗು ಅಂಬೆಗಾಲಿಡುವ ವೇಗ.

ಇಷ್ಟೆಲ್ಲ ಲೆಕ್ಕ ಇದ್ದೂ ಒಂದು ಸಲ ಸರಿ ಮಾಡಿ ಬಿಡಲು ಯಾಕಾಗುವುದಿಲ್ಲ? ಮುಖ್ಯ ಕಾರಣ ಬಿಸಿಲೇ. ಬೆಳಕಿಗೂ ಒತ್ತಡ ಇದೆ. ನಮಗೆ ಗೊತ್ತಾಗದಷ್ಟು ಸಣ್ಣದು. ಆದರೆ ಟೆನಿಸ್ ಅಂಗಳದಷ್ಟು ಪರದೆ ಹಿಡಿದು ವರ್ಷಗಟ್ಟಲೆ ನಿಂತರೆ ಅದು ಹಾಯಿಯ ಹಾಗೆ ಕೆಲಸ ಮಾಡುತ್ತದೆ. ಟೆಲಿಸ್ಕೋಪ್ ಇವತ್ತು ಒಂದು ಗೆಲಾಕ್ಸಿಯ ಕಡೆ, ನಾಳೆ ಇನ್ನೊಂದು ಗ್ರಹದ ಕಡೆ ತಿರುಗುತ್ತದೆ. ತಿರುಗಿದಾಗಲೆಲ್ಲ ಪರದೆಯ ಓರೆ ಬದಲಾಗುತ್ತದೆ, ತಳ್ಳುವ ಬಲವೂ ಬದಲಾಗುತ್ತದೆ. ಮುಂದಿನ ಮೂರು ವಾರ ಖಗೋಳ ವಿಜ್ಞಾನಿಗಳು ಏನನ್ನು ನೋಡುತ್ತಾರೆ ಎನ್ನುವುದರ ಮೇಲೆ ಕಕ್ಷೆ ನಿಂತಿರುತ್ತದೆ. ನೋಡುವ ಪಟ್ಟಿ ನಡುವೆ ಬದಲಾದರೆ ಲೆಕ್ಕವೂ ಬದಲು. ಓರೆಯಾದ ಬಿಸಿಲಿನ ಒತ್ತಡ ನೌಕೆಯನ್ನು ತಿರುಚಲೂ ನೋಡುತ್ತದೆ. ಒಳಗಿನ ತಿರುಗುವ ಚಕ್ರಗಳು ಅದನ್ನು ತಡೆದು ಹಿಡಿಯುತ್ತವೆ. ಚಕ್ರಗಳ ವೇಗ ಮಿತಿ ಮುಟ್ಟಿದಾಗ ಥ್ರಸ್ಟರ್ ಉರಿಸಿ ಅವುಗಳನ್ನು ನಿಧಾನ ಮಾಡಬೇಕು. ಅದಕ್ಕೂ ಇಂಧನ ಹೋಗುತ್ತದೆ, ಅದರಿಂದ ಕಕ್ಷೆಗೂ ಒಂದು ಸಣ್ಣ ತಳ್ಳು ಬೀಳುತ್ತದೆ.

ಕೊನೆಗೆ ನಿಮ್ಮ ಭಯದ ವಿಚಾರ. ಇಂಧನ ಮುಗಿದ ನೌಕೆ ಎಲ್2ನಲ್ಲಿ ನಿಲ್ಲುವುದಿಲ್ಲ, ಕೆಲವೇ ತಿಂಗಳಲ್ಲಿ ಒಂದು ಬದಿಗೆ ಜಾರುತ್ತದೆ. ಭೂಮಿಯ ಕಡೆ ಜಾರಿದರೂ ನೇರ ಬಂದು ಬೀಳುವುದಿಲ್ಲ. ಅಡ್ಡ ವೇಗ ಇರುವುದರಿಂದ ಭೂಮಿಯ ಸುತ್ತ ದೊಡ್ಡ ದೊಡ್ಡ ಅಡ್ಡಾದಿಡ್ಡಿ ಸುತ್ತು ಹಾಕಿ, ಬಹುತೇಕ ಮತ್ತೆ ಹೊರಗೆ ಹೋಗುತ್ತದೆ. ಆದರೆ "ಬಹುತೇಕ" ಎನ್ನುವುದನ್ನು ನಂಬಿ ಬಿಡುವ ಪದ್ಧತಿ ಇಲ್ಲ. ಎಲ್2ನಲ್ಲಿ ಕೆಲಸ ಮುಗಿಸಿದ ಹರ್ಷೆಲ್, ಪ್ಲಾಂಕ್ ಟೆಲಿಸ್ಕೋಪುಗಳನ್ನು 2013ರಲ್ಲಿ, ಗಾಯಾವನ್ನು 2025ರ ಮಾರ್ಚಿನಲ್ಲಿ, ಉಳಿದ ಇಂಧನದಿಂದ ತಳ್ಳಿ ಸೂರ್ಯನ ಸುತ್ತಲಿನ ಕಕ್ಷೆಗೆ ಕಳಿಸಿ ಸ್ವಿಚ್ ಆಫ್ ಮಾಡಿದರು. ವೆಬ್‌ಗೆ ಇದು ಇನ್ನೂ ಸುಲಭ. ಇಷ್ಟು ವರ್ಷ ದಾಟಬಾರದು ಎಂದು ಕಾಪಾಡಿಕೊಂಡು ಬಂದ ನೆತ್ತಿಯನ್ನು ಆವತ್ತು ದಾಟಿಸಿದರೆ ಆಯಿತು, ಆ ದಿಕ್ಕಿಗೆ ತಳ್ಳುವ ಥ್ರಸ್ಟರ್ ಅದರಲ್ಲಿ ಇದ್ದೇ ಇದೆ.

ಹೊರಗೆ ಹೋದದ್ದು ಮತ್ತೆ ಬರಬಹುದೇ ಎಂದು ಆ ಹುಡುಗ ಕೇಳಿದರೆ, ಕೇಳಿಯೇ ಕೇಳುತ್ತಾನೆ ಅನ್ನಿಸುತ್ತದೆ, ಅವನಿಗೆ ಈ ಘಟನೆ ಹೇಳಿ. 2002ರ ಸೆಪ್ಟೆಂಬರಿನಲ್ಲಿ ಭೂಮಿಯನ್ನು ಸುತ್ತುತ್ತಿದ್ದ ಒಂದು ಹೊಸ ವಸ್ತು ಕಣ್ಣಿಗೆ ಬಿತ್ತು. ಕ್ಷುದ್ರಗ್ರಹ ಇರಬಹುದು ಅಂದುಕೊಂಡರು. ಅದರಿಂದ ಪ್ರತಿಫಲಿಸಿದ ಬೆಳಕನ್ನು ಪರೀಕ್ಷಿಸಿದಾಗ ಅಪೊಲೊ ಕಾಲದ ಬಿಳಿ ಬಣ್ಣದ ಗುರುತು ಸಿಕ್ಕಿತು. ಕಕ್ಷೆಯನ್ನು ಹಿಂದಕ್ಕೆ ಲೆಕ್ಕ ಹಾಕಿದಾಗ, 1969ರಲ್ಲಿ ಅಪೊಲೊ 12 ಜೊತೆ ಹೋಗಿದ್ದ ರಾಕೆಟ್ಟಿನ ಮೂರನೇ ಹಂತ ಅದು ಎಂಬ ತೀರ್ಮಾನಕ್ಕೆ ಬಂದರು. ಮೂವತ್ತು ವರ್ಷ ಸೂರ್ಯನ ಸುತ್ತ ತಿರುಗಿ, ಎಲ್1ರ ಬಳಿಯ ಅದೇ ಥರದ ಏರನ್ನು ಹೊರಗಿನಿಂದ ದಾಟಿ, ಭೂಮಿಯ ಕಡೆ ಇಳಿದಿತ್ತು. ಕೆಲವು ಸುತ್ತು ಹಾಕಿ 2003ರಲ್ಲಿ ಮತ್ತೆ ಹೊರಟುಹೋಯಿತು.